ಸಸ್ಟೈನಬಿಲಿಟಿ ವರದಿಯ ಅಂಕಿಗಳನ್ನು ಟ್ರೆಂಡ್ ಪಟ್ಟಿಗೆ ತರುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪನಿಗಳ ಸಸ್ಟೈನಬಿಲಿಟಿ ವರದಿಗಳಿಂದ ಎಮಿಷನ್, ಎನರ್ಜಿ ಮತ್ತು ನೀರಿನ ಅಂಕಿಗಳನ್ನು ತೆಗೆದು ವರ್ಷದಿಂದ ವರ್ಷಕ್ಕೆ ಹೋಲಿಸುವವರು ಮಾತಿನಲ್ಲೂ ಪತ್ರದಲ್ಲೂ ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಉದಾಹರಣೆಗೆ ಉದ್ದಕ್ಕೂ ಒಂದೇ ಕಂಪನಿಯನ್ನು ಇಟ್ಟುಕೊಂಡಿದ್ದೇನೆ. ಅದು ಕಲ್ಪನೆಯ ಕಂಪನಿ, ಅದರ ಅಂಕಿಗಳು ವಿವರಿಸುವುದಕ್ಕಾಗಿ ನಾನೇ ಹಾಕಿಕೊಂಡವು. ಅಳತೆಯ ಲೆಕ್ಕಗಳು ಮತ್ತು ನಿಯಮಗಳು ಮಾತ್ರ ನಿಜವಾದವು.

## ಶುರು ಮಾಡುವಾಗ

ವರದಿ 150 ಪುಟ ಇದೆ. ಪೂರ್ತಿ ಓದಬೇಕಾ? ಅಂಕಿಗಳು ಎಲ್ಲಿರುತ್ತವೆ?

ಪೂರ್ತಿ ಓದಬೇಕಾಗಿಲ್ಲ. ಆದರೆ ಮೊದಲ ಪುಟಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಅಂಕಿಗಳಿಂದ ಶುರು ಮಾಡಬೇಡಿ. ಅಲ್ಲಿ "ಎಮಿಷನ್ 14% ಇಳಿಕೆ" ಎಂದು ಇರುತ್ತದೆ. ಯಾವ ವರ್ಷಕ್ಕೆ ಹೋಲಿಸಿ, ಯಾವ ಸ್ಕೋಪ್, ಎಷ್ಟು ಕಾರ್ಖಾನೆ ಸೇರಿಸಿ ಎಂಬುದು ಇರುವುದಿಲ್ಲ.

ನೇರವಾಗಿ ವರದಿಯ ಕೊನೆಗೆ ಹೋಗಿ. ಹೆಚ್ಚಿನ ವರದಿಗಳಲ್ಲಿ ಅಂಕಿಗಳ ಪಟ್ಟಿಗಳು ಅಲ್ಲಿ ಒಟ್ಟಿಗೆ ಇರುತ್ತವೆ. ಅದರ ಪಕ್ಕದಲ್ಲೇ, ಸಸ್ಟೈನಬಿಲಿಟಿ ವರದಿಗಳಿಗೆ ಮಾನದಂಡ ಕೊಡುವ ಸಂಸ್ಥೆಯಾದ ಜಿಆರ್‌ಐ ಸೂಚಿಯೂ ಸಿಗಬಹುದು. ಅದರಲ್ಲಿ 302-1 ಎಂದರೆ ಸಂಸ್ಥೆಯೊಳಗಿನ ಎನರ್ಜಿ ಬಳಕೆ. 303-3, 303-4, 303-5 ಎಂದರೆ ನೀರು ಎತ್ತಿದ್ದು, ಹೊರಬಿಟ್ಟದ್ದು, ಬಳಸಿ ಮುಗಿಸಿದ್ದು. 305-1 ಮತ್ತು 305-2 ಎಂದರೆ ಸ್ಕೋಪ್ 1 ಮತ್ತು ಸ್ಕೋಪ್ 2 ಎಮಿಷನ್. ಸ್ಕೋಪ್ 1 ಎಂದರೆ ಕಂಪನಿ ತಾನೇ ಸುಟ್ಟ ಇಂಧನದಂಥ ಸ್ವಂತ ಮೂಲಗಳಿಂದ ಬಂದದ್ದು, ಸ್ಕೋಪ್ 2 ಎಂದರೆ ಕೊಂಡ ವಿದ್ಯುತ್ತಿನಂಥ ಎನರ್ಜಿಯಿಂದ ಬಂದದ್ದು. ಈ ಸಂಖ್ಯೆಗಳ ಎದುರು ಪುಟದ ನಂಬರ್ ಇರುತ್ತದೆ.

ಪಟ್ಟಿ ಸಿಕ್ಕ ಮೇಲೆ ಇನ್ನೆರಡು ಕಡೆ ಓದಲೇಬೇಕು. ಒಂದು, "ಈ ವರದಿಯ ಬಗ್ಗೆ" ಎಂಬ ಭಾಗ. ಅವಧಿ ಮತ್ತು ವ್ಯಾಪ್ತಿ ಅಲ್ಲಿರುತ್ತವೆ. ಇನ್ನೊಂದು, ಪಟ್ಟಿಯ ಕೆಳಗಿನ ಅಡಿಟಿಪ್ಪಣಿಗಳು. ಈ ಕೆಲಸದಲ್ಲಿ ನಾನು ನೋಡಿದ ದೊಡ್ಡ ತಪ್ಪುಗಳಲ್ಲಿ ಹೆಚ್ಚಿನವು ಅಡಿಟಿಪ್ಪಣಿ ಓದದೆ ಆದವು.

ಕೆಲವು ಕಂಪನಿಗಳು ಇದೇ ಅಂಕಿಗಳನ್ನು ಎಕ್ಸೆಲ್ ಫೈಲಿನಲ್ಲೂ ಕೊಡುತ್ತವೆ. ಸಿಕ್ಕರೆ ಅದನ್ನೇ ಬಳಸಿ. ಆದರೆ ಅದರ ತಾರೀಕು ನೋಡಿ. ವರದಿ ಬಂದ ಮೇಲೆ ಎಕ್ಸೆಲ್ ಮಾತ್ರ ತಿದ್ದುವುದುಂಟು.

ಪಟ್ಟಿಯಲ್ಲಿ ಯಾವ ಯಾವ ಕಾಲಂ ಇರಬೇಕು? ವರ್ಷಗಳನ್ನು ಅಡ್ಡಕ್ಕೆ ಹಾಕಿ ಅಂಕಿ ತುಂಬಿದರೆ ಸಾಲದಾ?

ಓದುವವರಿಗೆ ಕೊಡುವ ಪಟ್ಟಿ ಹಾಗಿರಲಿ. ಆದರೆ ನೀವು ಅಂಕಿ ತೆಗೆಯುವ ಪಟ್ಟಿ ಹಾಗಿರಬಾರದು. ವರ್ಷಕ್ಕೊಂದು ಮನೆ ಮಾಡಿದರೆ ಅದರಲ್ಲಿ ಒಂದೇ ಅಂಕಿ ಹಿಡಿಯುತ್ತದೆ. ಅದೇ ವರ್ಷಕ್ಕೆ ಎರಡು ವರದಿಗಳು ಎರಡು ಅಂಕಿ ಕೊಟ್ಟಾಗ ಮೊದಲಿನದನ್ನು ಅಳಿಸಬೇಕಾಗುತ್ತದೆ. ಅಳಿಸಿದರೆ ಬದಲಾವಣೆಯ ಗುರುತೇ ಹೋಯಿತು.

ಬದಲಿಗೆ ಉದ್ದನೆಯ ಪಟ್ಟಿ ಮಾಡಿ. ಒಂದು ವರದಿಯಲ್ಲಿ ಕಂಡ ಒಂದು ಅಂಕಿಗೆ ಒಂದು ಸಾಲು. ನಾನು ಇಟ್ಟುಕೊಳ್ಳುವ ಕಾಲಂಗಳು ಇವು:

```
metric, value_raw, unit_raw, value_std, unit_std,
period_start, period_end, basis,
report_year, pdf_page, note
```

`value_raw` ಮತ್ತು `unit_raw` ಎಂದರೆ ವರದಿಯಲ್ಲಿ ಅಚ್ಚಾದದ್ದು ಅಚ್ಚಾದ ಹಾಗೆ. "39.8" ಎಂದಿದ್ದರೆ 39.8 ಎಂದೇ, "ಸಾವಿರ ಟನ್" ಎಂದಿದ್ದರೆ ಹಾಗೇ. ಇವೆರಡನ್ನು ಮತ್ತೆ ಮುಟ್ಟಬಾರದು. ಎಲ್ಲವನ್ನೂ ಒಂದೇ ಯೂನಿಟ್‌ಗೆ ತಂದ ಅಂಕಿ `value_std` ಕಾಲಂಗೆ ಹೋಗುತ್ತದೆ, ಅದೂ ಕೈಯಿಂದ ಬರೆದದ್ದಲ್ಲ, ಸೂತ್ರದಿಂದ ಬಂದದ್ದು. ಲೆಕ್ಕ ತಪ್ಪಿದರೆ ಆಗ ಸೂತ್ರ ಒಂದನ್ನೇ ಸರಿ ಮಾಡಿದರೆ ಸಾಕು.

`basis` ಕಾಲಂನಲ್ಲಿ ಅಂಕಿಯನ್ನು ಯಾವ ಲೆಕ್ಕದಲ್ಲಿ ತೆಗೆದಿದ್ದಾರೆ ಎಂದು ಬರೆಯಿರಿ. `pdf_page` ಎಂದರೆ ಫೈಲಿನ ಪುಟ, ಪುಟದ ಮೂಲೆಯಲ್ಲಿ ಅಚ್ಚಾದ ನಂಬರ್ ಅಲ್ಲ. ಮುಖಪುಟ, ಪರಿವಿಡಿ ಸೇರಿ ಇವೆರಡರ ನಡುವೆ ಎರಡೋ ನಾಲ್ಕೋ ಪುಟ ವ್ಯತ್ಯಾಸ ಇರುತ್ತದೆ.

ಪಿಡಿಎಫ್‌ನಿಂದ ಕಾಪಿ ಮಾಡಿದರೆ ಅಂಕಿ ಹತ್ತು ಪಟ್ಟು ಆಗ್ತಿದೆ. ಯಾಕೆ?

ಅಡಿಟಿಪ್ಪಣಿಯ ಪುಟ್ಟ ಅಂಕಿ ಬಂದು ಅಂಟಿಕೊಂಡಿರುತ್ತದೆ. ವರದಿಯಲ್ಲಿ 35,700 ಎಂದಿದ್ದು, ಅದರ ಮೇಲುಗಡೆ ಚಿಕ್ಕದಾಗಿ 2 ಎಂದು ಇರುತ್ತದೆ. ಕಣ್ಣಿಗೆ ಅದು ಟಿಪ್ಪಣಿಯ ಗುರುತು. ಕಾಪಿ ಮಾಡಿದಾಗ ಅದು 35,7002 ಆಗುತ್ತದೆ. ಕಾಮಾ ತೆಗೆದರೆ 357002. ಸ್ಪ್ರೆಡ್‌ಶೀಟ್‌ಗೆ ಇದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ಹಾಗಾಗಿ ಒಂದು ಅಂಕಿ ಹಿಂದಿನ ವರ್ಷದ ಸುಮಾರು ಹತ್ತು ಪಟ್ಟು ಆಗಿದ್ದರೆ ಮೊದಲು ಅದರ ಕೊನೆಯ ಅಂಕೆಯನ್ನು ನೋಡಿ.

ಕಾಪಿ ಮಾಡುವ ಬದಲು ಕಮಾಂಡ್ ಲೈನ್‌ನಲ್ಲಿ pdftotext ಎಂಬ ಪ್ರೋಗ್ರಾಂನ ಈ ಆಜ್ಞೆ ಬಳಸಿದರೆ ಕಾಲಂಗಳು ಇದ್ದ ಜಾಗದಲ್ಲೇ ಉಳಿಯುತ್ತವೆ:

```
pdftotext -layout -f 84 -l 87 report.pdf out.txt
```

ಇಲ್ಲಿ 84 ಮತ್ತು 87 ನಿಮಗೆ ಬೇಕಾದ ಮೊದಲ ಮತ್ತು ಕೊನೆಯ ಪುಟ. ಇದರಿಂದ ಕಾಲಂ ಕಲಸಿಹೋಗುವುದು ಕಡಿಮೆಯಾಗುತ್ತದೆ. ಟಿಪ್ಪಣಿ ಅಂಟಿಕೊಳ್ಳುವ ತೊಂದರೆ ಮಾತ್ರ ಹೋಗುವುದಿಲ್ಲ. ಅದಕ್ಕೆ ಪುಟವನ್ನು ತೆರೆದಿಟ್ಟು ಕಣ್ಣಿನಿಂದ ಹೋಲಿಸುವುದೇ ದಾರಿ. ಹದಿನೈದು ಇಪ್ಪತ್ತು ಅಂಕಿ ಇದ್ದರೆ ಹತ್ತು ನಿಮಿಷದ ಕೆಲಸ.

ಇನ್ನೊಂದು ಕಡೆ ಹುಷಾರಾಗಿರಿ. ಯುರೋಪಿನ ಹಲವು ದೇಶಗಳ ವರದಿಗಳಲ್ಲಿ ಚುಕ್ಕಿ ಸಾವಿರವನ್ನು ಬೇರೆ ಮಾಡುತ್ತದೆ, ಕಾಮಾ ದಶಾಂಶವನ್ನು. ಅಲ್ಲಿನ 745.200 ನಿಮ್ಮ ಸ್ಪ್ರೆಡ್‌ಶೀಟ್‌ನಲ್ಲಿ ಸುಮ್ನೆ 745.2 ಆಗಿಬಿಡುತ್ತದೆ.

ಖಾಲಿ ಮನೆ, ಅಡ್ಡಗೆರೆ, ಸೊನ್ನೆ ಎಲ್ಲಾ ಒಂದೇ ಅಲ್ವಾ?

ಅಲ್ಲ. ಸೊನ್ನೆ ಎಂದರೆ ಅಳೆದರು, ಏನೂ ಇರಲಿಲ್ಲ. ಗೆರೆ ಎಂದರೆ ಅಳೆದಿಲ್ಲ, ಅನ್ವಯಿಸುವುದಿಲ್ಲ, ಅಥವಾ ಸೊನ್ನೆ ಎಂದೂ ಆಗಬಹುದು. ಅದರ ಅರ್ಥ ಟಿಪ್ಪಣಿಯಲ್ಲಿ ಇದ್ದರೆ ಬರೆದುಕೊಳ್ಳಿ. ಇಲ್ಲದಿದ್ದರೆ `value_std` ಖಾಲಿ ಬಿಟ್ಟು, `value_raw` ಕಾಲಂನಲ್ಲಿ ಗೆರೆಯನ್ನೇ ಹಾಕಿ. ಗೆರೆಗೆ ಸೊನ್ನೆ ಹಾಕಿದರೆ ಮುಂದಿನ ವರ್ಷ ಅಳತೆ ಶುರುವಾದಾಗ ನಿಮ್ಮ ಗ್ರಾಫಿನಲ್ಲಿ ಎಮಿಷನ್ ಜಿಗಿದಂತೆ ಕಾಣುತ್ತದೆ.

## ಯೂನಿಟ್‌ಗಳ ಗೊಂದಲ

MT ಅಂತ ಬರೆದಿದ್ದಾರೆ. ಟನ್ನಾ, ಮಿಲಿಯನ್ ಟನ್ನಾ?

ಸರಿಯಾಗಿ ಬರೆದರೆ `Mt` ಎಂದರೆ ಮೆಗಾಟನ್, ಅಂದರೆ 10 ಲಕ್ಷ ಟನ್. `MT` ಎಂದು ಬರೆಯುವವರು ಹೆಚ್ಚಾಗಿ ಮೆಟ್ರಿಕ್ ಟನ್ ಎಂಬ ಅರ್ಥದಲ್ಲಿ ಬರೆದಿರುತ್ತಾರೆ, ಅಂದರೆ 1,000 ಕಿಲೋ. ಒಂದು ಅಕ್ಷರದ ಗಾತ್ರದಲ್ಲಿ 10 ಲಕ್ಷ ಪಟ್ಟು ವ್ಯತ್ಯಾಸ. ಎಲ್ಲರೂ ಈ ಬರವಣಿಗೆಯನ್ನು ಪಾಲಿಸುವುದಿಲ್ಲವಾದ್ದರಿಂದ ಅಕ್ಷರವನ್ನು ನಂಬಿ ಕೂರಬಾರದು. ಅದೇ ವರದಿಯಲ್ಲಿ ಬೇರೆಲ್ಲಾದರೂ ಪೂರ್ತಿ ಪದದಲ್ಲಿ ಬರೆದಿದ್ದಾರಾ ನೋಡಿ. ಅಂಕಿಯನ್ನು ಎನರ್ಜಿಯ ಜೊತೆ ಹೊಂದಿಸಿ ನೋಡುವ ದಾರಿಯೂ ಇದೆ. ಅದನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಯೂನಿಟ್ ಯಾವಾಗಲೂ ಅಂಕಿಯ ಪಕ್ಕದಲ್ಲೇ ಇರುವುದಿಲ್ಲ. ಕೆಲವೊಮ್ಮೆ ಪಟ್ಟಿಯ ತಲೆಯಲ್ಲಿ "ಸಾವಿರಗಳಲ್ಲಿ" ಎಂದು ಒಂದೇ ಸಲ ಇರುತ್ತದೆ. ಪಟ್ಟಿ ಮುಂದಿನ ಪುಟಕ್ಕೆ ಮುಂದುವರಿದಾಗ ಆ ತಲೆಬರಹ ಅಲ್ಲಿರುವುದಿಲ್ಲ. ಎರಡನೇ ಪುಟದಿಂದ ತೆಗೆದ ಅಂಕಿಗಳು ಸಾವಿರ ಪಟ್ಟು ಕಡಿಮೆ ಬರುವುದು ಹೀಗೆ.

ಅಮೆರಿಕದ ವರದಿಗಳಲ್ಲಿ ಟನ್ ಎಂದು ಮಾತ್ರ ಇದ್ದರೆ ಅದು ಶಾರ್ಟ್ ಟನ್ ಆಗಿರಬಹುದು. ಅದು 907 ಕಿಲೋ ಮಾತ್ರ. ವ್ಯತ್ಯಾಸ ಸುಮಾರು ಶೇ. 9. ಈ ತಪ್ಪು ಸಾವಿರ ಪಟ್ಟಿನ ತಪ್ಪಿನ ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ. ಒಂದು ವರ್ಷದ ಒಳ್ಳೆಯ ಸಾಧನೆಯಂತೆ ಕಂಡು ಪಟ್ಟಿಯಲ್ಲೇ ಉಳಿದುಬಿಡುತ್ತದೆ.

ಒಂದು ವರ್ಷ MWh, ಇನ್ನೊಂದು ವರ್ಷ GJ ಕೊಟ್ಟಿದ್ದಾರೆ. ಒಂದೇ ಸಾಲಿಗೆ ತರೋದು ಹೇಗೆ?

MWh ಎಂದರೆ ಮೆಗಾವ್ಯಾಟ್ ಗಂಟೆ, GJ ಎಂದರೆ ಗಿಗಾಜೂಲ್. 1 MWh ಎಂದರೆ 3.6 GJ. ಇದು ಪಕ್ಕಾ ಲೆಕ್ಕ, ಅಂದಾಜಲ್ಲ. ನಮ್ಮ ಉದಾಹರಣೆಯ ಕಂಪನಿ ಮೊದಲ ವರ್ಷ 2,12,000 MWh ಎಂದಿತು. ಮರುವರ್ಷ 7,45,200 GJ ಎಂದಿತು. ಮೊದಲನೆಯದನ್ನು 3.6ರಿಂದ ಗುಣಿಸಿದರೆ 7,63,200 GJ. ಅಂದರೆ ಬಳಕೆ ಸ್ವಲ್ಪ ಇಳಿದಿದೆ. ಯೂನಿಟ್ ನೋಡದೆ ಎರಡು ಅಂಕಿಗಳನ್ನು ಹಾಗೇ ಇಟ್ಟಿದ್ದರೆ ಮೂರೂವರೆ ಪಟ್ಟು ಏರಿದಂತೆ ಕಾಣುತ್ತಿತ್ತು.

ಈ ಗುಣಾಕಾರ ಸುಲಭ. ಇದರ ಹಿಂದೆ ಇರುವ ಇನ್ನೊಂದು ಪ್ರಶ್ನೆಗೆ ಜಾಸ್ತಿ ಗಮನ ಬೇಕು: ಇಂಧನವನ್ನು GJಗೆ ತರುವಾಗ ಕಂಪನಿ ಯಾವ ಶಾಖಮೌಲ್ಯ ಬಳಸಿತು? ಇಂಧನ ಉರಿದಾಗ ಹುಟ್ಟುವ ಆವಿಯ ಶಾಖವನ್ನೂ ಸೇರಿಸುವ ಲೆಕ್ಕ ಒಂದು, ಬಿಡುವ ಲೆಕ್ಕ ಇನ್ನೊಂದು. ನೈಸರ್ಗಿಕ ಅನಿಲದಲ್ಲಿ ಇವೆರಡರ ನಡುವೆ ಸುಮಾರು ಶೇ. 10 ವ್ಯತ್ಯಾಸ ಬರುತ್ತದೆ. ಯೂನಿಟ್ ಬದಲಾದ ವರ್ಷವೇ ಈ ಲೆಕ್ಕವನ್ನೂ ಬದಲಿಸಿರುವ ಸಾಧ್ಯತೆ ಇದೆ. ವಿಧಾನದ ಟಿಪ್ಪಣಿಯಲ್ಲಿ ಇದನ್ನು ಹುಡುಕಿ, ಸಿಕ್ಕಿದ್ದನ್ನು `basis` ಕಾಲಂನಲ್ಲಿ ಬರೆಯಿರಿ.

ನೀರಿಗೆ ಮೂರು ಅಂಕಿ ಇದೆ. ಯಾವುದನ್ನು ತಗೊಳ್ಳಲಿ?

ಮೂರನ್ನೂ ತಗೊಳ್ಳಿ, ಮೂರು ಬೇರೆ ಬೇರೆ ಸಾಲುಗಳಾಗಿ. ನದಿ, ಬೋರ್‌ವೆಲ್, ಸಮುದ್ರ, ನಲ್ಲಿ ಎಲ್ಲಿಂದಲೋ ಒಳಗೆ ತಂದ ನೀರು ಒಂದು. ಹೊರಗೆ ಬಿಟ್ಟ ನೀರು ಇನ್ನೊಂದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಬರುವುದು ಬಳಕೆ. ಆವಿಯಾಗಿ ಹೋದದ್ದು, ಉತ್ಪನ್ನದೊಳಗೆ ಸೇರಿದ್ದು ಎಲ್ಲಾ ಅದರಲ್ಲಿ ಬರುತ್ತದೆ.

ತೊಂದರೆ ಇರುವುದು ಪದದಲ್ಲಿ. ಹಳೆಯ ವರದಿಗಳಲ್ಲಿ "ನೀರಿನ ಬಳಕೆ" ಎಂದು ಬರೆದು ಒಳಗೆ ತಂದ ಪೂರ್ತಿ ನೀರನ್ನು ಕೊಟ್ಟಿರುತ್ತಾರೆ. ಜಿಆರ್‌ಐ 303 ಮಾನದಂಡವನ್ನು 2018ರಲ್ಲಿ ಹೊಸದಾಗಿ ಬರೆದಾಗ ಈ ಮೂರಕ್ಕೂ ಬೇರೆ ಬೇರೆ ಸಂಖ್ಯೆ ಬಂತು. ಅದಕ್ಕೆ ಹೊರಳಿದ ವರ್ಷ ಕಂಪನಿಯ "ಬಳಕೆ" ಅರ್ಧಕ್ಕೋ ಕಾಲು ಭಾಗಕ್ಕೋ ಇಳಿದಂತೆ ಕಾಣಬಹುದು. ನಲ್ಲಿ ಯಾರೂ ನಿಲ್ಲಿಸಿರುವುದಿಲ್ಲ, ಹೆಸರಿನ ಅರ್ಥ ಮಾತ್ರ ಬದಲಾಗಿರುತ್ತದೆ. ಆದ್ದರಿಂದ ಹೆಸರು ನೋಡಿ ಸಾಲಿಗೆ ಹಾಕಬೇಡಿ, ವಿವರಣೆ ನೋಡಿ ಹಾಕಿ.

ಯೂನಿಟ್ ಇಲ್ಲಿ ಸರಳ. 1 ಕಿಲೋಲೀಟರ್ ಎಂದರೆ 1 ಘನ ಮೀಟರ್, 1 ಮೆಗಾಲೀಟರ್ ಎಂದರೆ 1,000 ಘನ ಮೀಟರ್. ಗ್ಯಾಲನ್ ಬಂದರೆ ಯಾವ ಗ್ಯಾಲನ್ ಎಂದು ಕೇಳಬೇಕು. ಅಮೆರಿಕದ್ದು 3.785 ಲೀಟರ್, ಬ್ರಿಟನ್ನಿನದು 4.546 ಲೀಟರ್.

ಸ್ಕೋಪ್ 2ಕ್ಕೆ ಎರಡು ಅಂಕಿ ಕೊಟ್ಟಿದ್ದಾರೆ. ಕೂಡಿಸಬೇಕಾ?

ಖಂಡಿತ ಕೂಡಿಸಬಾರದು. ಎರಡೂ ಒಂದೇ ವಿದ್ಯುತ್ತಿನ ಎರಡು ಲೆಕ್ಕ. ಲೊಕೇಷನ್ ಆಧಾರಿತ ಲೆಕ್ಕದಲ್ಲಿ ಕಂಪನಿ ಇರುವ ಜಾಗದ ಗ್ರಿಡ್‌ನ ಸರಾಸರಿ ಎಮಿಷನ್ ಬಳಸುತ್ತಾರೆ. ಮಾರ್ಕೆಟ್ ಆಧಾರಿತ ಲೆಕ್ಕದಲ್ಲಿ ಕಂಪನಿ ಮಾಡಿಕೊಂಡ ಖರೀದಿ ಒಪ್ಪಂದ, ಕೊಂಡ ಹಸಿರು ವಿದ್ಯುತ್ ಸರ್ಟಿಫಿಕೇಟ್ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಎಮಿಷನ್ ಲೆಕ್ಕಕ್ಕೆ ಕಂಪನಿಗಳು ಬಳಸುವ ನಿಯಮಾವಳಿಯಾದ ಜಿಎಚ್‌ಜಿ ಪ್ರೋಟೊಕಾಲ್‌ನ 2015ರ ಸ್ಕೋಪ್ 2 ಮಾರ್ಗದರ್ಶಿಯ ಪ್ರಕಾರ, ಇಂಥ ಒಪ್ಪಂದ, ಸರ್ಟಿಫಿಕೇಟ್‌ಗಳು ಸಿಗುವ ಮಾರುಕಟ್ಟೆಯಲ್ಲಿರುವ ಕಂಪನಿ ಎರಡನ್ನೂ ಕೊಡಬೇಕು.

ನಮ್ಮ ಉದಾಹರಣೆಯಲ್ಲಿ 2022–23ಕ್ಕೆ ಲೊಕೇಷನ್ ಲೆಕ್ಕ 33,300 ಟನ್, ಮಾರ್ಕೆಟ್ ಲೆಕ್ಕ 21,400 ಟನ್ ಎಂದುಕೊಳ್ಳಿ. ಪಟ್ಟಿಯಲ್ಲಿ ಎರಡು ಸಾಲು, `basis` ಕಾಲಂ ಬೇರೆ. ಹಳೆಯ ವರದಿ ಒಂದೇ ಅಂಕಿ ಕೊಟ್ಟು ಯಾವ ಲೆಕ್ಕ ಎಂದು ಹೇಳದಿದ್ದರೆ ಅದನ್ನು "ತಿಳಿಸಿಲ್ಲ" ಎಂದೇ ಇಡಿ. ಸುಮ್ನೆ ಯಾವುದೋ ಒಂದರ ಜೊತೆ ಜೋಡಿಸಿ ಗೆರೆ ಎಳೆದರೆ ಅರ್ಧ ದಾರಿಯಲ್ಲಿ ಲೆಕ್ಕ ಬದಲಾಗಿ ದೊಡ್ಡ ಇಳಿಕೆ ಕಾಣಬಹುದು.

"ಸ್ಕೋಪ್ 1 ಮತ್ತು 2 ಒಟ್ಟು" ಎಂಬ ಸಾಲು ವರದಿಯಲ್ಲಿ ಇದ್ದರೆ ಅದರಲ್ಲಿ ಯಾವ ಸ್ಕೋಪ್ 2 ಸೇರಿದೆ ಎಂದು ಕೂಡಿಸಿ ನೋಡಿ. ಎರಡರಲ್ಲಿ ಒಂದು ಹೊಂದಿಕೊಳ್ಳುತ್ತದೆ.

## ಅವಧಿ ಮತ್ತು ತಿದ್ದಿದ ಅಂಕಿಗಳು

FY2023 ಅಂದರೆ ಯಾವ ವರ್ಷ?

ಹೆಸರಿನಿಂದ ಹೇಳಲು ಆಗುವುದಿಲ್ಲ. 2023ರ ಮಾರ್ಚ್‌ಗೆ ಮುಗಿದ ವರ್ಷವನ್ನು ಕೆಲವರು ಹಾಗೆ ಕರೆಯುತ್ತಾರೆ, 2023ರ ಏಪ್ರಿಲ್‌ಗೆ ಶುರುವಾದ ವರ್ಷವನ್ನು ಇನ್ನು ಕೆಲವರು. ಜನವರಿಯಿಂದ ಡಿಸೆಂಬರ್ ಎಣಿಸುವವರೂ ಇದ್ದಾರೆ. ಆದ್ದರಿಂದ ವರ್ಷದ ಹೆಸರಿನ ಬದಲು `period_start` ಮತ್ತು `period_end` ಎಂದು ಎರಡು ತಾರೀಕು ಬರೆಯಿರಿ.

ಹಣಕಾಸಿನ ಅವಧಿಯೂ ಎಮಿಷನ್ ಅವಧಿಯೂ ಒಂದೇ ವರದಿಯೊಳಗೆ ಬೇರೆ ಇರುವುದುಂಟು. ಆದಾಯ ಮಾರ್ಚ್‌ವರೆಗೆ, ಎಮಿಷನ್ ಹಿಂದಿನ ಡಿಸೆಂಬರ್‌ವರೆಗೆ. ಆದಾಯದ ಪ್ರತಿ ರೂಪಾಯಿಗೋ ಡಾಲರ್‌ಗೋ ಎಷ್ಟು ಎಮಿಷನ್ ಎಂದು ಭಾಗಿಸುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಹೋದ ವರ್ಷದ ವರದಿಯಲ್ಲಿ ಒಂದು ಅಂಕಿ, ಈ ವರ್ಷದ ವರದಿಯಲ್ಲಿ ಅದೇ ವರ್ಷಕ್ಕೆ ಇನ್ನೊಂದು. ಯಾವುದು ಸರಿ?

ಎರಡೂ ಅವು ಬಂದ ದಿನಕ್ಕೆ ಸರಿ ಇರಬಹುದು. ಕಂಪನಿ ಒಂದು ಕಾರ್ಖಾನೆ ಮಾರಿದರೆ, ಕೊಂಡರೆ, ಲೆಕ್ಕದ ವಿಧಾನ ಬದಲಿಸಿದರೆ, ಅಥವಾ ದೊಡ್ಡ ತಪ್ಪು ಕಂಡುಕೊಂಡರೆ ಹಳೆಯ ವರ್ಷಗಳ ಅಂಕಿಗಳನ್ನು ತಿದ್ದಿ ಮತ್ತೆ ಕೊಡುತ್ತದೆ. ಇಂಥ ಬದಲಾವಣೆ ದೊಡ್ಡದಿದ್ದಾಗ ಹೋಲಿಕೆಗೆ ಇಟ್ಟುಕೊಂಡ ಆಧಾರ ವರ್ಷದ ಅಂಕಿಯನ್ನು ಮತ್ತೆ ಲೆಕ್ಕ ಹಾಕಬೇಕು ಎಂದು ಜಿಎಚ್‌ಜಿ ಪ್ರೋಟೊಕಾಲ್ ಕೂಡ ಹೇಳುತ್ತದೆ. ಎಷ್ಟು ದೊಡ್ಡದು ಎಂಬ ಮಿತಿಯನ್ನು ಕಂಪನಿಯೇ ಇಟ್ಟುಕೊಂಡು ತಿಳಿಸಬೇಕು.

ನಾನು ಪಾಲಿಸುವ ನಿಯಮ ಇದು. ಟ್ರೆಂಡ್‌ಗೆ ತೀರಾ ಈಚಿನ ವರದಿಯ ಅಂಕಿ. ಮೊದಲ ಸಲ ಕೊಟ್ಟ ಅಂಕಿ ಪಟ್ಟಿಯಲ್ಲೇ ಇರುತ್ತದೆ, ಗ್ರಾಫಿಗೆ ಹೋಗುವುದಿಲ್ಲ. ಯಾಕೆ ತಿದ್ದಿದರು ಎಂಬ ಒಂದು ವಾಕ್ಯ `note` ಕಾಲಂಗೆ.

ಇದಕ್ಕಾಗಿ ಪ್ರತಿ ವರದಿಯಿಂದ ಆ ವರ್ಷದ ಕಾಲಂ ಮಾತ್ರ ತೆಗೆದರೆ ಸಾಲದು. ಪಕ್ಕದ ಹಿಂದಿನ ವರ್ಷಗಳ ಕಾಲಂಗಳನ್ನೂ ತೆಗೆಯಿರಿ. ಕೆಲವು ಕಂಪನಿಗಳು ಅಂಕಿ ತಿದ್ದಿದ್ದನ್ನು ಟಿಪ್ಪಣಿಯಲ್ಲಿ ಹೇಳುವುದೇ ಇಲ್ಲ. ಎರಡು ವರದಿಗಳನ್ನು ಪಕ್ಕ ಪಕ್ಕ ಇಟ್ಟಾಗ ಮಾತ್ರ ಗೊತ್ತಾಗುತ್ತದೆ.

ಒಂದು ವರದಿ ಒಂಬತ್ತು ತಿಂಗಳದ್ದು ಮಾತ್ರ. 12 ತಿಂಗಳಿಗೆ ಏರಿಸಿ ಹಾಕಲಾ?

ಪಟ್ಟಿಯ ಅಂಕಿಯಲ್ಲಿ ಬೇಡ. ಹೋಲಿಕೆಗೆ ಪಕ್ಕದಲ್ಲಿ ತಿಂಗಳ ಸರಾಸರಿ ಹಾಕಿ. ಯಾಕೆ ಎಂದು ಉದಾಹರಣೆಯಲ್ಲೇ ನೋಡೋಣ. ಇಲ್ಲಿ ಎರಡು ತೊಂದರೆ ಒಟ್ಟಿಗೆ ಬಂದಿವೆ.

ನಮ್ಮ ಕಂಪನಿ ಏಪ್ರಿಲ್–ಮಾರ್ಚ್ ವರ್ಷದಿಂದ ಜನವರಿ–ಡಿಸೆಂಬರ್ ವರ್ಷಕ್ಕೆ ಹೊರಳಿತು. ಹಾಗಾಗಿ ಮೂರನೇ ವರದಿ 2023ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ, ಒಂಬತ್ತು ತಿಂಗಳದ್ದು. 2023ರ ಏಪ್ರಿಲ್ ಮೊದಲ ದಿನವೇ ಅದು ಒಂದು ಕಾರ್ಖಾನೆಯನ್ನೂ ಮಾರಿತು. ಮೂರು ವರದಿಗಳ ಆಯಾ ವರ್ಷದ ಕಾಲಂ ಮಾತ್ರ ತೆಗೆದರೆ ಸ್ಕೋಪ್ 1 ಹೀಗೆ ಬರುತ್ತದೆ: 41,200 ಟನ್, 39,800 ಟನ್, 29,100 ಟನ್. ಕೊನೆಯ ವರ್ಷ ಶೇ. 27 ಇಳಿಕೆ. ನೋಡಿದವರು ಮೆಚ್ಚಿಕೊಳ್ಳುತ್ತಾರೆ.

ಈಗ ಮೂರನೇ ವರದಿಯ ಹಿಂದಿನ ವರ್ಷಗಳ ಕಾಲಂ ನೋಡಿ. ಮಾರಿದ ಕಾರ್ಖಾನೆಯನ್ನು ತೆಗೆದು 2021–22ಕ್ಕೆ 36,900, 2022–23ಕ್ಕೆ 35,700 ಎಂದು ತಿದ್ದಿ ಕೊಟ್ಟಿದ್ದಾರೆ. 35,700 ಅನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 2,975 ಟನ್. 29,100 ಅನ್ನು 9ರಿಂದ ಭಾಗಿಸಿದರೆ 3,233 ಟನ್. ಅಂದರೆ ಉಳಿದ ಕಾರ್ಖಾನೆಗಳಲ್ಲಿ ತಿಂಗಳ ಎಮಿಷನ್ ಸುಮಾರು ಶೇ. 9 ಏರಿದೆ. ಇಳಿಕೆ ಎಂದು ಕಂಡದ್ದು ಪೂರ್ತಿ ಮಾರಾಟದಿಂದ ಮತ್ತು ಕಡಿಮೆ ತಿಂಗಳುಗಳಿಂದ ಬಂದದ್ದು.

ಎನರ್ಜಿಯೂ ಇದೇ ಮಾತು ಹೇಳುತ್ತದೆ. ತಿದ್ದಿದ 2022–23ರ ಅಂಕಿ 6,91,200 GJ, ತಿಂಗಳಿಗೆ 57,600. ಒಂಬತ್ತು ತಿಂಗಳ ಅಂಕಿ 5,52,960 GJ, ತಿಂಗಳಿಗೆ 61,440. ಏರಿಕೆ ಸುಮಾರು ಶೇ. 7.

ನೀರಿನಲ್ಲಿ ಮಾತ್ರ ಕಥೆ ಬೇರೆ. ಒಳಗೆ ತಂದ ನೀರು 2022–23ಕ್ಕೆ 1,795 ಮೆಗಾಲೀಟರ್, ಒಂಬತ್ತು ತಿಂಗಳಿಗೆ 1,230. ತಿಂಗಳ ಲೆಕ್ಕದಲ್ಲಿ 149.6ರಿಂದ 136.7ಕ್ಕೆ, ಸುಮಾರು ಶೇ. 9 ಇಳಿಕೆ. ಆದರೆ ಟಿಪ್ಪಣಿಯಲ್ಲಿ "ನೀರಿನ ಹಿಂದಿನ ಅಂಕಿಗಳನ್ನು ತಿದ್ದಿಲ್ಲ" ಎಂದಿದೆ. ಹಳೆಯ ಅಂಕಿಯೊಳಗೆ ಮಾರಿದ ಕಾರ್ಖಾನೆ ಇನ್ನೂ ಕೂತಿದೆ. ಹಾಗಾಗಿ ಈ ಇಳಿಕೆಯ ಬಗ್ಗೆ ಏನೂ ಹೇಳಲು ಬರುವುದಿಲ್ಲ. ಆ ಸಾಲಿನಲ್ಲಿ ಸರಣಿ ಕಡಿದಿದೆ ಎಂದು ಗುರುತು ಹಾಕಿ, ಶೇಕಡಾ ಬದಲಾವಣೆಯ ಮನೆಯನ್ನು ಖಾಲಿ ಬಿಡಬೇಕು.

ಇನ್ನು 12 ತಿಂಗಳಿಗೆ ಏರಿಸುವ ವಿಷಯ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ ಜನವರಿ, ಫೆಬ್ರವರಿ, ಮಾರ್ಚ್ ಇಲ್ಲ. ಕಟ್ಟಡ ಬಿಸಿ ಮಾಡಲು ಆ ತಿಂಗಳುಗಳಲ್ಲೇ ಜಾಸ್ತಿ ಇಂಧನ ಹೋಗುವ ಊರಾದರೆ ಏರಿಸಿದ ಅಂಕಿ ಕಡಿಮೆ ಬರುತ್ತದೆ. ಬೇಸಿಗೆಯಲ್ಲಿ ತಂಪು ಮಾಡಲು ಜಾಸ್ತಿ ವಿದ್ಯುತ್ ಬೇಕಾಗುವ ಕಡೆ ಉಲ್ಟಾ ಆಗಬಹುದು. ತಿಂಗಳ ಸರಾಸರಿಗೂ ಇದೇ ಮಿತಿ ಇದೆ. ಆದರೆ ಅದು ಸರಾಸರಿ ಎಂದು ಓದುವವರಿಗೆ ಕಾಣುತ್ತದೆ. ಏರಿಸಿದ ಅಂಕಿಯಾದರೆ ಕಂಪನಿಯೇ ಹೇಳಿದ ಅಂಕಿಯಂತೆ ಕಾಣುತ್ತದೆ.

ತಿಂಗಳುಗಳನ್ನು ಕೈಯಲ್ಲಿ ಎಣಿಸಬೇಡಿ. F ಮತ್ತು G ಕಾಲಂಗಳಲ್ಲಿ ತಾರೀಕುಗಳಿದ್ದರೆ ಈ ಸೂತ್ರ ಸಾಕು:

```
=DATEDIF(F2, G2+1, "m")
```

ಒಂದು ದಿನ ಕೂಡಿಸುವುದನ್ನು ಮರೆತರೆ ಒಂಬತ್ತರ ಬದಲು ಎಂಟು ಬರುತ್ತದೆ.

ಕಾರ್ಖಾನೆ ಅದೇ, ಇಂಧನ ಅಷ್ಟೇ. ಆದರೂ ಎಮಿಷನ್ ಜಾಸ್ತಿ ಆಗಿದೆ. ಹೇಗೆ?

ಮೀಥೇನ್ ಅನ್ನು ಇಂಗಾಲದ ಡೈಆಕ್ಸೈಡ್‌ಗೆ ಸಮ ಮಾಡುವ ಗುಣಕ ಬದಲಾಗಿರಬಹುದು. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ನಾಲ್ಕನೇ ವರದಿಯಲ್ಲಿ 100 ವರ್ಷದ ಲೆಕ್ಕಕ್ಕೆ ಮೀಥೇನ್‌ನ ಗುಣಕ 25 ಇತ್ತು. ಐದನೇ ವರದಿಯಲ್ಲಿ ಅದು 28 ಆಯಿತು. 100 ಟನ್ ಮೀಥೇನ್ ಸೋರಿದರೆ ಹಳೆಯ ಲೆಕ್ಕದಲ್ಲಿ 2,500 ಟನ್, ಹೊಸದರಲ್ಲಿ 2,800 ಟನ್. ಒಂದು ಹನಿ ಹೆಚ್ಚು ಸೋರದೆ ಶೇ. 12 ಏರಿಕೆ. ನೈಟ್ರಸ್ ಆಕ್ಸೈಡ್‌ಗೆ ಇದೇ ಹೊತ್ತಿನಲ್ಲಿ ಗುಣಕ 298ರಿಂದ 265ಕ್ಕೆ ಇಳಿಯಿತು.

ಬರೀ ಡೀಸೆಲ್, ಕಲ್ಲಿದ್ದಲು ಸುಡುವ ಕಂಪನಿಯಲ್ಲಿ ಇದರ ಪರಿಣಾಮ ಕಾಣುವುದೇ ಇಲ್ಲ ಎನ್ನಬಹುದು. ಗಣಿ, ಅನಿಲ, ಕಸದ ನಿರ್ವಹಣೆ, ಪಶುಪಾಲನೆ ಇರುವ ಕಡೆ ಮಾತ್ರ ದೊಡ್ಡದಾಗುತ್ತದೆ. ಅಂಥ ವರದಿಗಳಲ್ಲಿ ಯಾವ ಐಪಿಸಿಸಿ ವರದಿಯ ಗುಣಕ ಎಂಬುದನ್ನು `basis` ಕಾಲಂನಲ್ಲಿ ಬರೆಯಿರಿ.

## ಪಟ್ಟಿ ಕಟ್ಟಿದ ಮೇಲೆ

ನಾನು ತೆಗೆದ ಅಂಕಿ ಸರಿ ಇದೆಯಾ ಅಂತ ವರದಿಯಿಂದಲೇ ಗೊತ್ತಾಗುತ್ತಾ?

ಬಹಳ ಮಟ್ಟಿಗೆ ಗೊತ್ತಾಗುತ್ತದೆ. ಎಮಿಷನ್ ಮತ್ತು ಎನರ್ಜಿ ಒಂದಕ್ಕೊಂದು ಕಟ್ಟಿಕೊಂಡಿವೆ. ಇಂಧನ ಸುಡದೆ ಸ್ಕೋಪ್ 1ರ ಹೆಚ್ಚಿನ ಪಾಲು ಹುಟ್ಟುವುದಿಲ್ಲ. ಆದ್ದರಿಂದ ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿ.

ಐಪಿಸಿಸಿಯ ಸಾಮಾನ್ಯ ಗುಣಕಗಳ ಪ್ರಕಾರ 1 GJ ನೈಸರ್ಗಿಕ ಅನಿಲ ಸುಟ್ಟರೆ ಸುಮಾರು 56 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಡೀಸೆಲ್‌ಗೆ ಸುಮಾರು 74, ಸಾಮಾನ್ಯ ಬಿಟುಮಿನಸ್ ಕಲ್ಲಿದ್ದಲಿಗೆ ಸುಮಾರು 95. ನಮ್ಮ ಕಂಪನಿಯ 2022–23ರ 6,91,200 GJಯಲ್ಲಿ ಇಂಧನದ ಪಾಲು 5,20,000 GJ ಎಂದುಕೊಳ್ಳಿ. 35,700 ಟನ್ ಅನ್ನು ಅದರಿಂದ ಭಾಗಿಸಿದರೆ GJಗೆ ಸುಮಾರು 69 ಕಿಲೋ. ಅನಿಲ ಮತ್ತು ಡೀಸೆಲ್ ಎರಡೂ ಬಳಸುವ ಕಂಪನಿಗೆ ಇದು ಒಪ್ಪುತ್ತದೆ. 0.069 ಬಂದಿದ್ದರೆ ಎಲ್ಲೋ "ಸಾವಿರ" ಬಿಟ್ಟುಹೋಗಿದೆ. 690 ಬಂದಿದ್ದರೆ ಅಡಿಟಿಪ್ಪಣಿಯ ಅಂಕೆ ಅಂಟಿಕೊಂಡಿದೆ. ಸುಮಾರು 19 ಬಂದಿದ್ದರೆ MWhನಿಂದ GJಗೆ ಎರಡು ಸಲ ಗುಣಿಸಿದ್ದೀರಿ.

ಸ್ಕೋಪ್ 2ಕ್ಕೂ ಹೀಗೇ. ಉಳಿದ 1,71,200 GJ ಕೊಂಡ ವಿದ್ಯುತ್, ಅಂದರೆ ಸುಮಾರು 47,556 MWh. ಲೊಕೇಷನ್ ಲೆಕ್ಕದ 33,300 ಟನ್ ಅನ್ನು ಇದರಿಂದ ಭಾಗಿಸಿದರೆ MWhಗೆ 0.70 ಟನ್. ಕಲ್ಲಿದ್ದಲು ಜಾಸ್ತಿ ಇರುವ ಗ್ರಿಡ್‌ಗೆ ಇದು ಸಹಜ. ಜಲವಿದ್ಯುತ್ತೇ ಹೆಚ್ಚಿರುವ ದೇಶದ ಕಂಪನಿಗೆ ಇದೇ ಅಂಕಿ ಬಂದರೆ ಮತ್ತೆ ಪುಟ ತೆರೆಯಬೇಕು.

ಈ ಪರೀಕ್ಷೆಗೆ ಮಿತಿ ಇದೆ. ಸಿಮೆಂಟ್ ಕಾರ್ಖಾನೆಯಲ್ಲಿ ಸುಣ್ಣದಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಇಂಧನದಿಂದ ಮಾತ್ರವಲ್ಲ. ಅಲ್ಲಿ GJಗೆ 200 ಕಿಲೋ ದಾಟಿದರೂ ತಪ್ಪಲ್ಲ. ಕೃಷಿ ತ್ಯಾಜ್ಯ, ಕಟ್ಟಿಗೆ ಸುಡುವ ಕಂಪನಿಯಲ್ಲಿ ಉಲ್ಟಾ. ಅದರ ಇಂಗಾಲದ ಡೈಆಕ್ಸೈಡ್ ಅನ್ನು ಸ್ಕೋಪ್‌ಗಳ ಹೊರಗೆ ಪ್ರತ್ಯೇಕವಾಗಿ ಬರೆಯುವುದರಿಂದ ಭಾಗಾಕಾರ ತೀರಾ ಕಡಿಮೆ ಬರುತ್ತದೆ. ಆ ಪ್ರತ್ಯೇಕ ಸಾಲನ್ನು ಸ್ಕೋಪ್ 1ಕ್ಕೆ ಸೇರಿಸಬೇಡಿ.

ವರದಿಗೆ ಹೊರಗಿನವರ ಪರಿಶೀಲನೆ ಆಗಿದೆ ಅಂತ ಇದೆ. ಎಲ್ಲಾ ಅಂಕಿಯನ್ನೂ ನಂಬಬಹುದಾ?

ಪರಿಶೀಲಕರ ಹೇಳಿಕೆಯನ್ನೇ ಓದಿ. ಯಾವ ಅಂಕಿಗಳನ್ನು ನೋಡಿದ್ದಾರೆ ಎಂದು ಅದರಲ್ಲಿ ಪಟ್ಟಿ ಇರುತ್ತದೆ. ಸ್ಕೋಪ್ 1 ಮತ್ತು 2 ಸೇರಿ, ನೀರು ಬಿಟ್ಟುಹೋಗಿರಬಹುದು. ಈ ವರ್ಷದ್ದು ನೋಡಿ, ತಿದ್ದಿದ ಹಳೆಯ ವರ್ಷಗಳನ್ನು ನೋಡದೆ ಇರಬಹುದು. ಪರಿಶೀಲನೆ ಎಷ್ಟು ಆಳದ್ದು ಎಂದೂ ಬರೆದಿರುತ್ತಾರೆ. ಸೀಮಿತ ಮಟ್ಟದ್ದಾದರೆ ಕೆಲಸ ಹೆಚ್ಚಾಗಿ ವಿಚಾರಣೆ ಮತ್ತು ಅಂಕಿಗಳ ಹೋಲಿಕೆಯಲ್ಲೇ ಮುಗಿಯುತ್ತದೆ.

ಅಂಕಿ ತೆಗೆಯುವವರಿಗೆ ಈ ಪುಟದಿಂದ ಇನ್ನೊಂದು ಉಪಯೋಗವಿದೆ. ಎಷ್ಟೋ ಹೇಳಿಕೆಗಳಲ್ಲಿ ಅಂಕಿಗಳು ಪೂರ್ತಿ ಯೂನಿಟ್ ಸಮೇತ ಮತ್ತೊಮ್ಮೆ ಬರೆದಿರುತ್ತವೆ. ಪಟ್ಟಿಯಲ್ಲಿ 39.8 ಎಂದಿದ್ದದ್ದು ಅಲ್ಲಿ 39,800 ಟನ್ ಎಂದು ಸಿಕ್ಕರೆ ಅನುಮಾನ ಅಲ್ಲೇ ತೀರಿತು.

ಕೊನೆಗೆ ಬೇರೆಯವರಿಗೆ ಕೊಡುವ ಪಟ್ಟಿ ಹೇಗಿರಬೇಕು?

ಉದ್ದನೆಯ ಪಟ್ಟಿಯಿಂದ ಆರಿಸಿ, ಒಂದು ಪುಟದಲ್ಲಿ. ತಲೆಯಲ್ಲಿ ಪೂರ್ತಿ ಅವಧಿ, ತಿದ್ದಿದ ಅಂಕಿಗೆ ಗುರುತು, ಹೋಲಿಸಲು ಆಗದ ಕಡೆ ಅದನ್ನೇ ಹೇಳುವ ಮಾತು. ಸರಾಸರಿ ಬೇಕಿದ್ದರೆ ಕೊನೆಯಲ್ಲಿ, ಅದು ನಿಮ್ಮ ಲೆಕ್ಕ ಎಂದು ಹೇಳಿ. ನಮ್ಮ ಉದಾಹರಣೆ ಹೀಗೆ ಬರುತ್ತದೆ:

| ವಿಷಯ | ಏಪ್ರಿಲ್ 2021–ಮಾರ್ಚ್ 2022 | ಏಪ್ರಿಲ್ 2022–ಮಾರ್ಚ್ 2023 | ಏಪ್ರಿಲ್–ಡಿಸೆಂಬರ್ 2023, 9 ತಿಂಗಳು | ತಿಂಗಳ ಸರಾಸರಿ, ಕೊನೆಯ ಎರಡು ಅವಧಿ (ನಮ್ಮ ಲೆಕ್ಕ) |
|---|---|---|---|---|
| ಸ್ಕೋಪ್ 1, tCO2e | 36,900 * | 35,700 * | 29,100 | 2,975 → 3,233 |
| ಎನರ್ಜಿ, GJ | ತಿದ್ದಿದ ಅಂಕಿ ಕೊಟ್ಟಿಲ್ಲ | 6,91,200 * | 5,52,960 | 57,600 → 61,440 |
| ಒಳಗೆ ತಂದ ನೀರು, ML | 1,840 | 1,795 | 1,230 ‖ | ಹೋಲಿಸಲಾಗದು |

\* ಮಾರಿದ ಕಾರ್ಖಾನೆಯನ್ನು ಬಿಟ್ಟು ಮೂರನೇ ವರದಿಯಲ್ಲಿ ತಿದ್ದಿದ್ದು. ಮೊದಲು ಕೊಟ್ಟದ್ದು: ಸ್ಕೋಪ್ 1 ಕ್ರಮವಾಗಿ 41,200 ಮತ್ತು 39,800 ಟನ್, ಎನರ್ಜಿ 2022–23ಕ್ಕೆ 7,45,200 GJ.
‖ ಸರಣಿ ಕಡಿದಿದೆ: ಹಿಂದಿನ ಎರಡು ಅವಧಿಗಳಲ್ಲಿ ಮಾರಿದ ಕಾರ್ಖಾನೆ ಸೇರಿದೆ.

ಎನರ್ಜಿಯ ಮೊದಲ ಮನೆಗೆ 7,63,200 ತುಂಬಿಸುವ ಆಸೆ ಬರುತ್ತದೆ, ಅಂಕಿ ಕೈಯಲ್ಲಿದೆಯಲ್ವಾ. ಅದರಲ್ಲಿ ಮಾರಿದ ಕಾರ್ಖಾನೆ ಸೇರಿದೆ, ಪಕ್ಕದ ಮನೆಯಲ್ಲಿ ಇಲ್ಲ. ಹಾಗಾಗಿ ಅದು ಉದ್ದನೆಯ ಪಟ್ಟಿಯಲ್ಲೇ ಇರಲಿ.